ಬಾಡಿಗೆ ಕೈಸೇರಿದ ಮೇಲೆ ಕಳಿಸಬೇಕಾದ ಮೆಸೇಜ್

ಬಾಡಿಗೆ ತಡವಾದಾಗ ಮಾಲೀಕರು ಮೆಸೇಜ್ ಹಾಕುವುದು ದುಡ್ಡು ಇನ್ನೂ ಬಾರದ ದಿನಗಳಲ್ಲಿ. ಅದು ಸರಿಯಾದ ಹೊತ್ತಲ್ಲ ಎಂಬುದು ಮನೆ ಬಾಡಿಗೆಗೆ ಕೊಟ್ಟು ನಾನು ಕಲಿತ ಪಾಠ. ಒಂದು ಲೆಕ್ಕ ನೋಡಿ: ಬಾಡಿಗೆ 18,000 ರೂಪಾಯಿ, ಕರಾರಿನ ಪ್ರಕಾರ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬರಬೇಕು. ಜುಲೈಯಲ್ಲಿ 12ಕ್ಕೆ ಬಂತು, ಆಗಸ್ಟ್‌ನಲ್ಲಿ 16ಕ್ಕೆ, ಸೆಪ್ಟೆಂಬರ್‌ನಲ್ಲಿ 20ಕ್ಕೆ. ಸೆಪ್ಟೆಂಬರ್ 15ರಂದು 'ಬಾಡಿಗೆ ಇನ್ನೂ ಬಂದಿಲ್ಲ' ಎಂದು ಬರೆದರೆ ಬಾಡಿಗೆದಾರರು ಅದನ್ನು ದುಡ್ಡಿನ ಬೇಡಿಕೆ ಎಂದೇ ಓದುತ್ತಾರೆ. ದುಡ್ಡು ಹಾಕಿದ ಕೂಡಲೇ ಉತ್ತರ ಕೊಟ್ಟಂತಾಯಿತು, ವಿಷಯ ಮುಗಿಯಿತು. ಆದರೆ ನಮ್ಮ ತಕರಾರು ಆ ಹದಿನೆಂಟು ಸಾವಿರದ್ದಲ್ಲ, ಅದು ಬರುವುದು ಬಂದೇ ಬಂತು. ತಾರೀಖು ತಿಂಗಳಿಂದ ತಿಂಗಳಿಗೆ ಜಾರುತ್ತಿದೆ, ತಕರಾರು ಅದರದ್ದು. ಅದನ್ನು ಹೇಳಬೇಕಾದದ್ದು ಬಾಕಿ ಒಂದು ರೂಪಾಯಿಯೂ ಇಲ್ಲದಾಗ, ಅಂದರೆ ಸೆಪ್ಟೆಂಬರ್ 22, 23ರ ಹೊತ್ತಿಗೆ. ಮುಂದಿನ 5ನೇ ತಾರೀಖಿಗೆ ಇನ್ನೂ ಹನ್ನೆರಡು ಹದಿಮೂರು ದಿನ ಇರುವುದರಿಂದ ಅವರಿಗೆ ಹಣ ಹೊಂದಿಸಿಕೊಳ್ಳಲೂ ವ್ಯವಧಾನ ಸಿಗುತ್ತದೆ.

ಕೊಟ್ಟಾದ ಮೇಲೆ ಕೆದಕುವುದು ಜಗಳಕ್ಕೆ ಕರೆದಂತಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಕಿ ಇರುವಾಗ ಇಬ್ಬರಿಗೂ ಮುಜುಗರ. ಅವರು ನೆಪ ಹುಡುಕುತ್ತಾರೆ, ನಮ್ಮ ಮಾತು ಬಿರುಸಾಗುತ್ತದೆ. ಬಾಕಿ ತೀರಿದ ಮೇಲೆ ಅದೇ ಮಾತನ್ನು ಮೆತ್ತಗೆ ಹೇಳಬಹುದು. ಸುಮ್ಮನಿರುವುದರಲ್ಲಿ ಇನ್ನೊಂದು ತೊಂದರೆಯೂ ಇದೆ. ತಡವಾದ ಬಾಡಿಗೆಯನ್ನು ತಿಂಗಳುಗಟ್ಟಲೆ ಚಕಾರವೆತ್ತದೆ ತೆಗೆದುಕೊಂಡರೆ, 'ನೀವೇ ಒಪ್ಪಿದ್ದೀರಲ್ಲ' ಎಂದು ಮುಂದೆ ವಾದಿಸಲು ನಾವೇ ದಾರಿ ಮಾಡಿಕೊಟ್ಟಂತೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಇಲ್ಲಿ ಬ್ರೋಕರ್‌ಗಳ ಮೇಲೂ ನನಗೆ ಸಿಟ್ಟಿದೆ. ಹನ್ನೊಂದು ತಿಂಗಳ ಸಿದ್ಧ ಕರಾರಿನಲ್ಲಿ 'ತಿಂಗಳ ಮೊದಲ ವಾರ' ಎಂದು ಬರೆಸಿ ಕೈತೊಳೆದುಕೊಳ್ಳುತ್ತಾರೆ; ತಾರೀಖೇ ಇಲ್ಲದಿದ್ದರೆ ತಡವಾಯಿತೆಂದು ತೋರಿಸುವುದು ಹೇಗೆ?

ಮೆಸೇಜ್ ಹೀಗಿದ್ದರೆ ಸಾಕು:

"ನಮಸ್ಕಾರ ಸರ್. ಸೆಪ್ಟೆಂಬರ್ ಬಾಡಿಗೆ 20ಕ್ಕೆ ಬಂದಿದೆ, ಈಗ ಯಾವ ಬಾಕಿಯೂ ಇಲ್ಲ. ಆದರೆ ಜುಲೈಯಲ್ಲಿ 12ಕ್ಕೆ, ಆಗಸ್ಟ್‌ನಲ್ಲಿ 16ಕ್ಕೆ, ಈ ಸಲ 20ಕ್ಕೆ ಬಂದಿದೆ. ಕರಾರಿನಲ್ಲಿರುವುದು 5ನೇ ತಾರೀಖು. ಈ ಮೂರು ಸಲ ತಡವಾಗಿ ತೆಗೆದುಕೊಂಡಿದ್ದರಿಂದ ಆ ತಾರೀಖು ಬದಲಾಗಿಲ್ಲ. ನಿಮಗೆ ಹಣ ಬರುವ ದಿನ ಬದಲಾಗಿದ್ದರೆ ಈ ತಿಂಗಳ 28ರೊಳಗೆ ತಿಳಿಸಿ. 8ನೇ ತಾರೀಖಿನವರೆಗೆ ಮುಂದೂಡಲು ನಾನು ತಯಾರಿದ್ದೇನೆ, ಅದನ್ನು ಬರೆದು ಇಬ್ಬರೂ ಸಹಿ ಹಾಕೋಣ. ಇಲ್ಲವಾದರೆ ಅಕ್ಟೋಬರ್ ಬಾಡಿಗೆ 5ರೊಳಗೆ ಬರಲಿ. ಮತ್ತೆ ತಡವಾದರೆ ಈ ಕರಾರನ್ನು ನವೀಕರಿಸಲು ನನಗೆ ಆಗುವುದಿಲ್ಲ."

ಇದರಲ್ಲಿ 'ನನಗೂ ಲೋನ್ ಇದೆ, ಹತ್ತಕ್ಕೆ ಇಎಂಐ ಕಟ್ ಆಗುತ್ತದೆ' ಎಂಬ ಮಾತನ್ನು ಬೇಕೆಂದೇ ಸೇರಿಸಿಲ್ಲ. ಅದು ನಿಜವೇ ಇರಬಹುದು, 8ನೇ ತಾರೀಖಿನಾಚೆ ಹೋಗಲಾಗದಿರುವುದಕ್ಕೂ ಅದೇ ಕಾರಣವಿರಬಹುದು. ಆದರೆ ಕಷ್ಟ ಹೇಳಿಕೊಂಡರೆ ಆ ಕಡೆಯಿಂದಲೂ ಕಷ್ಟವೇ ಬರುತ್ತದೆ. ಯಾರ ಕಷ್ಟ ದೊಡ್ಡದು ಎಂಬ ಲೆಕ್ಕದಲ್ಲಿ ತಾರೀಖು ಮರೆತುಹೋಗುತ್ತದೆ. ಕರಾರಿದೆ ಎಂಬ ಕಾರಣವೊಂದೇ ಸಾಕು. 'ನಿಮಗೆ ಜವಾಬ್ದಾರಿ ಇಲ್ಲ' ಎಂಬಂಥ ಮಾತೂ ಬೇಡ. ತಾರೀಖುಗಳನ್ನು ಯಾರೂ ಅಲ್ಲಗಳೆಯಲಾಗದು, ಸ್ವಭಾವದ ಬಗ್ಗೆ ಹೇಳಿದ್ದಕ್ಕೆ ಎಲ್ಲರೂ ಎದುರು ಹೇಳುತ್ತಾರೆ.

ಕೊನೆಯ ಸಾಲು ಮೃದುವಾಯಿತು, ಅಡ್ವಾನ್ಸ್‌ನಿಂದ ಮುರಿದುಕೊಳ್ಳುತ್ತೇನೆ, ನೀರು ನಿಲ್ಲಿಸುತ್ತೇನೆ ಎನ್ನಬಾರದೇ ಎಂಬುದು ಇನ್ನೊಂದು ಆಕ್ಷೇಪ. ನೀರು, ಕರೆಂಟು ತಡೆಯುವುದು ಕಾನೂನಿಗೆ ವಿರುದ್ಧ; ಹಾಗೆ ಬರೆದ ಮೆಸೇಜ್ ನಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಅಡ್ವಾನ್ಸ್ ಮುರಿದುಕೊಂಡರೆ ಮನೆ ಬಿಡುವಾಗಿನ ಪೇಂಟಿಂಗ್, ರಿಪೇರಿಗೆ ಇಟ್ಟ ಆಸರೆ ಕರಗುತ್ತದೆ, ತಡ ಮಾಡುವವರಿಗೆ ಇನ್ನಷ್ಟು ಸಲೀಸಾಗುತ್ತದೆ. ನವೀಕರಿಸದಿರುವುದಾದರೆ ಪೂರ್ತಿ ನಮ್ಮ ಕೈಯಲ್ಲಿದೆ, ಹೇಳಿದ ಮೇಲೆ ಮಾಡಿ ತೋರಿಸಬಹುದು. ಮಾಡಲಾಗದ್ದನ್ನು ಒಮ್ಮೆ ಹೇಳಿದರೆ ಮುಂದಿನ ಮೆಸೇಜನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇದು ವಕೀಲರ ನೋಟಿಸ್ ಅಲ್ಲ, ಅದರ ಕೆಲಸವನ್ನು ಮಾಡುವುದೂ ಇಲ್ಲ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯಿಂದ ಹೊರಗಿವೆ. ಹದಿನೆಂಟು ಸಾವಿರದ ಮನೆಗೆ ಅನ್ವಯಿಸುವುದು ಕರಾರಿನ ಷರತ್ತು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಕ್ಟೋಬರ್‌ನಲ್ಲೂ ತಡವಾದರೆ ಮತ್ತೊಂದು ಮೆಸೇಜ್ ಬೇಡ. ಮೂಲ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಈ ಮೆಸೇಜಿನ ಪ್ರತಿ ಹಿಡಿದು ವಕೀಲರ ಹತ್ತಿರ ಹೋಗಿ, ಅವಧಿ ಮುಗಿಯುವ ಮೊದಲೇ ಮನೆ ತೆರವಿನ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು.