ಫಾರ್ಮ್ಯಾಟ್ ಹೊಡೆಸುವ ಮುನ್ನ ಒಂದು ಲೆಕ್ಕ

ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಲು ಹೋದರೆ ಸಿಗುವ ಮೊದಲ ಸಲಹೆ, 'ಹೊಸದಾಗಿ ವಿಂಡೋಸ್ ಹಾಕಿಸಿಬಿಡಿ, ಕ್ಲೀನಾಗಿರುತ್ತೆ' ಎಂಬುದು. ಮನೆಯ ಕಂಪ್ಯೂಟರಿಗೆ ಅದು ಸರಿಯಿರಬಹುದು. ಆದರೆ ವಿಜಯನಗರ, ರಾಜಾಜಿನಗರದಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿಗೆ ಅದು ದುಬಾರಿ ಸಲಹೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದಾಗಿ ಹಾಕಿಸಿದರೂ, ಹಳೆಯ ಡಿಸ್ಕನ್ನು ಇದ್ದಂತೆಯೇ ಕ್ಲೋನ್ ಮಾಡಿಕೊಂಡರೂ ಎಸ್‌ಎಸ್‌ಡಿಯ ಬೆಲೆ ಒಂದೇ. ಹೊಸದಾಗಿ ಹಾಕಿಸಿದರೆ ಖರ್ಚು ಹೆಚ್ಚುವುದು ಆಮೇಲೆ, ಕೆಲಸ ಮತ್ತೆ ಮೊದಲಿನಂತೆ ನಡೆಯುವವರೆಗೆ ಕಳೆದುಹೋಗುವ ದಿನಗಳಲ್ಲಿ.

ಆ ದಿನಗಳು ಎಲ್ಲಿಗೆ ಹೋಗುತ್ತವೆ ನೋಡಿ. ಹತ್ತು ವರ್ಷದ ಹಿಂದಿನ ಪತ್ರಿಕೆಯನ್ನು 'ಹೆಸರು, ತಾರೀಖು ಬದಲಿಸಿ ಕೊಡಿ' ಎಂದು ಗಿರಾಕಿ ಬರುತ್ತಾರೆ. ಆ ಫೈಲು ಯೂನಿಕೋಡ್‌ನಲ್ಲಿಲ್ಲ, ನುಡಿಯ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನಲ್ಲಿದೆ. ಇಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತವೆ. ಹಾಗಾಗಿ ಅದೇ ಫಾಂಟು ಇಲ್ಲದಿದ್ದರೆ ವಧುವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡರೆ ಫಾಂಟು ತಾನಾಗಿ ಬರುವುದಿಲ್ಲ. ಜೊತೆಗೆ ಪೇಜ್‌ಮೇಕರಿನ ಸಿಡಿ ಎಲ್ಲಿದೆಯೋ, ಕೋರೆಲ್‌ಡ್ರಾದ ಸೀರಿಯಲ್ ಎಲ್ಲಿ ಬರೆದಿಟ್ಟಿದ್ದರೋ, ಹಳೆಯ ಪ್ರಿಂಟರಿನ ಡ್ರೈವರ್ ಈಗ ಸಿಗುತ್ತದೋ ಇಲ್ಲವೋ. ಅಂಗಡಿಯ ದಿನದ ದುಡಿಮೆ ಮೂರು ಸಾವಿರ ಎಂದಿಟ್ಟುಕೊಳ್ಳೋಣ. ಇವನ್ನೆಲ್ಲ ಹೊಂದಿಸಲು ಎರಡು ದಿನ ಹಿಡಿದರೂ ಆರು ಸಾವಿರ ಹೋಯಿತು. ಕ್ಲೋನ್ ಮಾಡಲು ಬೇಕಾದ ಹೆಚ್ಚುವರಿ ಸಾಮಾನೆಂದರೆ ಎಸ್‌ಎಸ್‌ಡಿಯನ್ನು ಯುಎಸ್‌ಬಿಗೆ ಜೋಡಿಸುವ ಒಂದು ಕೇಬಲ್ ಮಾತ್ರ. ಇನ್ನೂರು ಜಿಬಿ ತುಂಬಿದ ಡಿಸ್ಕು ಸಾಮಾನ್ಯವಾಗಿ ಒಂದೆರಡು ತಾಸಿನಲ್ಲಿ ನಕಲಾಗುತ್ತದೆ, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಶುರು ಮಾಡಿದರೆ ಮರುದಿನದ ಕೆಲಸ ನಿಲ್ಲುವುದಿಲ್ಲ.

'ಹಳೆಯ ಕಸವೂ ಜೊತೆಗೆ ಬರುತ್ತದಲ್ಲ, ಆಮೇಲೂ ಸ್ಲೋ ಆಗುವುದಿಲ್ಲವೇ?' ಎಂಬ ಆಕ್ಷೇಪ ಇದ್ದೇ ಇರುತ್ತದೆ. ಕಸ ಬರುವುದು ನಿಜ. ಆದರೆ ಯಂತ್ರ ತೆವಳುತ್ತಿದ್ದುದಕ್ಕೆ ಮುಖ್ಯ ಕಾರಣ ಅದಲ್ಲ. ತಿರುಗುವ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಬೇಕು. ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ಸಾಧಾರಣ ಎಸ್‌ಎಸ್‌ಡಿ ಹತ್ತಾರು ಸಾವಿರ ಓದುತ್ತದೆ. ವಿಂಡೋಸ್ ಏಳುವಾಗ, ಫಾಂಟುಗಳ ಪಟ್ಟಿ ತೆರೆಯುವಾಗ ನಡೆಯುವುದು ಬಹುಮಟ್ಟಿಗೆ ಇಂಥ ಚದುರಿದ ಓದೇ. ಇಷ್ಟು ಅಂತರದ ಮುಂದೆ ಬೇಡದ ನಾಲ್ಕು ಪ್ರೋಗ್ರಾಮುಗಳ ಭಾರ ಲೆಕ್ಕಕ್ಕೆ ಬರುವುದಿಲ್ಲ, ಅವನ್ನು ಬಿಡುವಾದಾಗ ತೆಗೆಯಬಹುದು.

ನಿಜವಾದ ಅಪಾಯ ಬೇರೆಡೆ ಇದೆ. ಹಳೆಯ ಡಿಸ್ಕೇ ಸಾಯುತ್ತಿದ್ದರೆ ಕ್ಲೋನ್ ಮಾಡಬಾರದು. ಮೊದಲು CrystalDiskInfo ಹಾಕಿ 05 ಮತ್ತು C5 ಸಾಲುಗಳನ್ನು ನೋಡಿ. ಮೊದಲನೆಯದು ಕೆಟ್ಟು ಬದಲಿಸಿದ ಭಾಗಗಳ ಎಣಿಕೆ, ಎರಡನೆಯದು ಓದಲಾಗದೆ ಬಾಕಿ ಉಳಿದವುಗಳದು. C5 ಸೊನ್ನೆಯಿಲ್ಲದಿದ್ದರೆ ನಕಲು ನಡುವೆ ನಿಲ್ಲಬಹುದು, ಇಲ್ಲವೇ ಮುರಿದ ಫೈಲುಗಳು ಸದ್ದಿಲ್ಲದೆ ಹೊಸ ಡಿಸ್ಕಿಗೆ ಬಂದುಬಿಡಬಹುದು. ಆಗ ಮುಖ್ಯ ಫೈಲುಗಳನ್ನೂ ಫಾಂಟುಗಳನ್ನೂ ಮೊದಲು ಉಳಿಸಿಕೊಂಡು ಹೊಸದಾಗಿ ಹಾಕಿಸುವುದೇ ಸರಿ. ವೈರಸ್ ಹೊಕ್ಕ ಯಂತ್ರಕ್ಕೂ ಇದೇ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಹೇಗೂ ಹೊಸದು ಹಾಕಿಸಬೇಕಲ್ಲ ಎನ್ನುವವರಿದ್ದಾರೆ. ಪ್ರೊಸೆಸರ್ 11ಕ್ಕೆ ಒಪ್ಪುವಂಥದ್ದಾದರೆ ಕ್ಲೋನ್ ಆದ ಮೇಲೆ ಅದರ ಮೇಲೆಯೇ ಅಪ್‌ಗ್ರೇಡ್ ಮಾಡಬಹುದು. ಒಪ್ಪದಿದ್ದರೆ 10ನ್ನೇ ಮತ್ತೆ ಹಾಕಿಸಿದ್ದರಿಂದ ಆ ತೊಂದರೆ ನೀಗುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಹಳೆಯದು 1 ಟಿಬಿ, ಹೊಸದು 500 ಜಿಬಿ ಆದಾಗ, ತುಂಬಿರುವುದು ಇನ್ನೂರೇ ಆದರೂ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಒಪ್ಪುವುದಿಲ್ಲ. ಗುರಿಯ ಡಿಸ್ಕು ಕನಿಷ್ಠ ಹಳೆಯದರಷ್ಟಿರಬೇಕು ಎಂಬುದು ಅದರ ನಿಯಮ. ಎಸ್‌ಎಸ್‌ಡಿ ಕಂಪನಿಗಳು ತಮ್ಮ ಡಿಸ್ಕಿಗೆಂದು ಪುಕ್ಕಟೆ ಕೊಡುವ ಸಾಫ್ಟ್‌ವೇರುಗಳು ಪಾರ್ಟಿಷನ್ ಕುಗ್ಗಿಸಿ ನಕಲು ಮಾಡುತ್ತವೆ. ಎರಡನೆಯದಾಗಿ, ನಕಲು ಮುಗಿದೊಡನೆ ಎರಡೂ ಡಿಸ್ಕುಗಳನ್ನು ಒಳಗಿಟ್ಟು ಯಂತ್ರ ಹಚ್ಚಬಾರದು. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಹೊಸದರಿಂದ ಎದ್ದಿದೆ ಎಂದು ನಂಬಿ ಹಳೆಯದರಲ್ಲೇ ಕೆಲಸ ಮಾಡುತ್ತಿರಲೂಬಹುದು. ಹಳೆಯದನ್ನು ಬಿಚ್ಚಿಟ್ಟು, ಹೊಸದೊಂದರಿಂದಲೇ ಮೊದಲ ಸಲ ಎಬ್ಬಿಸಬೇಕು. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಕ್ಲೋನ್ ಮಾಡುವಾಗ ಹಳೆಯ ಡಿಸ್ಕಿನಿಂದ ಓದಷ್ಟೇ ನಡೆಯುತ್ತದೆ, ಹೊಸದರ ಮೇಲೆ ಮತ್ತೊಮ್ಮೆ ಶುರು ಮಾಡಿದರಾಯಿತು.

ಹೊಸ ಡಿಸ್ಕು ಎದ್ದ ಮೇಲೆ ಅತಿ ಹಳೆಯ ಪತ್ರಿಕೆಯೊಂದನ್ನು, ಅಪರೂಪದ ಫಾಂಟಿನದೊಂದನ್ನು ತೆರೆದು ಒಂದು ಪ್ರತಿ ಪ್ರಿಂಟ್ ತೆಗೆಯಿರಿ. ಹಳೆಯ ಡಿಸ್ಕನ್ನು ಮಾತ್ರ ಆ ಮದುವೆ ಸೀಸನ್ ಮುಗಿಯುವವರೆಗೆ ಫಾರ್ಮ್ಯಾಟ್ ಮಾಡಬೇಡಿ.