ವಾಕ್ಯದ ಬಾಲದಲ್ಲಿ ಕಳೆದುಹೋಗುವುದು

ನೀವು ಕಳಿಸಿದ ಕಥೆಯ ಜರ್ಮನ್ ಅನುವಾದದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೂ ಮೂಲಕ್ಕೂ ಅದಕ್ಕೂ ತಾಳೆಯಾಗುತ್ತಿಲ್ಲ ಎಂಬ ನಿಮ್ಮ ಅನುಮಾನ ಸರಿಯಾಗಿದೆ.

ನಿಮ್ಮ ಮೂರನೆಯ ವಾಕ್ಯವನ್ನೇ ನೋಡಿ: 'ಅಣ್ಣ ನಿನ್ನೆಯೇ ದುಡ್ಡು ಕೊಟ್ಟುಬಿಟ್ಟನಂತೆ.' ಅನುವಾದ 'ಮೈನ್ ಬ್ರೂಡರ್ ಹಾಟ್ ಗೆಸ್ಟರ್ನ್ ಡಾಸ್ ಗೆಲ್ಟ್ ಗೆಗೇಬನ್' ಎನ್ನುತ್ತದೆ. ಹೇಳುವವಳು ಕೇಳಿ ತಿಳಿದ ಸಂಗತಿ ಇಲ್ಲಿ ಕಣ್ಣಾರೆ ಕಂಡದ್ದಾಗಿದೆ. ಕಥೆಯಲ್ಲಿ ಮುಂದೆ ಅವಳು ಅಣ್ಣನನ್ನು ಅನುಮಾನಿಸುವುದರಿಂದ, ಇದು ಸಣ್ಣ ಲೋಪವಲ್ಲ. 'ಅಂತೆ'ಗೆ ಜರ್ಮನ್‌ನಲ್ಲಿ 'ಜೊಲೆನ್' ಕ್ರಿಯಾಪದವಿದೆ: 'ಜೊಲ್... ಗೆಗೇಬನ್ ಹಾಬನ್.' 'ನಿನ್ನೆಯೇ' ಎಂಬುದರ ಒತ್ತಿಗೆ 'ಶೋನ್ ಗೆಸ್ಟರ್ನ್' ಸಾಕು. 'ಬಿಟ್ಟ'ದ ಛಾಯೆ ಪೂರ್ತಿ ಬರುವುದು ಕಷ್ಟ, ಅದನ್ನು ಬಿಡಬಹುದು. ಬ್ರೂಡರ್ ಅಣ್ಣನೋ ತಮ್ಮನೋ ತಿಳಿಯದು, ಆದರೆ ಹಿಂದೆಯೇ ಸ್ಪಷ್ಟವಾಗಿದ್ದರೆ ಪ್ರತಿ ಸಲ 'ಎಲ್ಟರರ್' ಸೇರಿಸಬೇಡಿ, ಓದು ಭಾರವಾಗುತ್ತದೆ.

ಪರಿಶೀಲಿಸುವಾಗ ವಾಕ್ಯಗಳಿಗೆ ಸಂಖ್ಯೆ ಕೊಡಿ. ಮೂಲವನ್ನು ಮುಚ್ಚಿಟ್ಟು, ಜರ್ಮನ್ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಬರೆಯಿರಿ. ಆಮೇಲೆ ಎರಡು ಕನ್ನಡ ವಾಕ್ಯಗಳ ಕ್ರಿಯಾಪದಗಳ ಕೊನೆಯನ್ನಷ್ಟೇ ಮೊದಲು ಹೋಲಿಸಿ. ನಮ್ಮ ಅಂತೆ, ಏನೋ, ಬಿಡು, ಹಾಕು ಎಲ್ಲ ಕೂರುವುದು ಅಲ್ಲೇ. ಗೌರವದ 'ಅವರು ಬಂದರು' ಬಹುವಚನದ 'ಜೀ ಕಾಮೆನ್' ಆಗಿದ್ದರೆ, ಮನೆಗೆ ಬಂದ ಒಬ್ಬರು ಮೇಷ್ಟ್ರು ಜರ್ಮನ್ ಓದುಗನಿಗೆ ಹಲವರಾಗಿ ಕಾಣುತ್ತಾರೆ, ಅದನ್ನೂ ಗಮನಿಸಿ.