ಪೋಸ್ಟರ್‌ನಲ್ಲಿ ನಿಮ್ಮದು ಮೂರನೇ ಹೆಸರಾದರೆ

ಎಂಎಸ್‌ಗೆ ಅರ್ಜಿ ಹಾಕುವಾಗ ಬರೆಯೋ ಎಸ್‌ಒಪಿಯಲ್ಲಿ ಈ ಧಾಟಿಯ ವಾಕ್ಯ ಬಂದೇ ಬರುತ್ತೆ: “ಬೇರಿಂಗ್ ದೋಷ ಪತ್ತೆಹಚ್ಚುವ ಮಷೀನ್ ಲರ್ನಿಂಗ್ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಿ, ಶೇ. 94 ನಿಖರತೆ ಸಾಧಿಸಿ, ರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಪ್ರಕಟಿಸಿದ್ದೇನೆ.” ಇದನ್ನೇ ಉದಾಹರಣೆಯಾಗಿ ಇಟ್ಕೊಂಡು ಬಿಚ್ಚಿ ನೋಡೋಣ.

ಒಳಗಿನ ಸಂಗತಿ ಹೀಗಿದೆ ಅಂದ್ಕೊಳ್ಳಿ. ತಂಡದಲ್ಲಿ ನಾಲ್ಕು ಜನ, ನಮ್ಮ ವಿದ್ಯಾರ್ಥಿಯದು ಮೂರನೇ ಹೆಸರು. ಐಡಿಯಾ ಗೈಡ್‌ದು. ಎಸ್‌ವಿಎಂ ಮಾಡೆಲ್ ಬರೆದದ್ದು ಒಬ್ಬ ಸೀನಿಯರ್. ನಮ್ಮ ವಿದ್ಯಾರ್ಥಿ ಬೇರಿಂಗ್ ಹೌಸಿಂಗ್ ಮೇಲೆ ADXL345 ಸೆನ್ಸರ್ ಕೂರಿಸಿ ಕಂಪನದ ಡೇಟಾ ರೆಕಾರ್ಡ್ ಮಾಡಿದ. ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದ್ರು, ನಡಾವಳಿ ಪುಸ್ತಕದಲ್ಲಿ ಒಂದು ಪುಟದ ಸಾರಾಂಶ ಬಂತು. ಅಷ್ಟೇ.

ಮೊದಲು ‘ಪ್ರಬಂಧ ಪ್ರಕಟಿಸಿದ್ದೇನೆ’ ಅನ್ನೋದನ್ನ ತೆಗೀಬೇಕು. ಒಂದು ಪುಟದ ಸಾರಾಂಶವನ್ನ ಪ್ರಬಂಧ ಅಂದ್ರೆ, ಓದೋ ಪ್ರೊಫೆಸರ್ ಪೂರ್ತಿ ಪೇಪರ್ ಹುಡುಕ್ತಾರೆ, ಸಿಗಲ್ಲ. ಪೋಸ್ಟರ್ ಅಂತಲೇ ಹೇಳಿ; ಬ್ಯಾಚುಲರ್ಸ್ ವಿದ್ಯಾರ್ಥಿಗೆ ಅದು ಸಣ್ಣ ವಿಷಯವೇನಲ್ಲ. ‘ಕಳಿಸಿದೆ’, ‘ಪರಿಶೀಲನೆಯಲ್ಲಿದೆ’, ‘ಒಪ್ಪಿಗೆಯಾಗಿದೆ’ ಕೂಡ ಬೇರೆಬೇರೆ ಸ್ಥಿತಿಗಳು. ಇನ್ನೂ ಬರೀತಾ ಇರೋದನ್ನ ‘ಪರಿಶೀಲನೆಯಲ್ಲಿದೆ’ ಅನ್ನೋ ಹಾಗಿಲ್ಲ.

ಕಷ್ಟ ಇರೋದು ಕ್ರಿಯಾಪದದಲ್ಲಿ. ‘ಡೆವಲಪ್ಡ್’ ಅಂದ್ರೆ ಸೀನಿಯರ್ ಕೆಲಸವೂ ನಿಮ್ಮ ಲೆಕ್ಕಕ್ಕೆ ಸೇರಿತು. ‘ಹೆಲ್ಪ್ಡ್’ ಅಂದ್ರೆ ವಯರ್ ಹಿಡ್ಕೊಂಡು ನಿಂತಿದ್ದೋ, ಪ್ರಯೋಗ ಪೂರ್ತಿ ನಡೆಸಿದ್ದೋ ಗೊತ್ತಾಗಲ್ಲ. ಇಲ್ಲಿ ‘ಕ್ರೆಡಿಟ್’ ಅನ್ನೋ ಪಟ್ಟಿ ಉಪಯೋಗಕ್ಕೆ ಬರುತ್ತೆ. ಯಾವ ಲೇಖಕರು ಏನು ಮಾಡಿದ್ರು ಅಂತ ಗುರುತಿಸೋಕೆ ಹಲವು ಜರ್ನಲ್‌ಗಳು ಬಳಸೋ 14 ಪಾತ್ರಗಳ ಪಟ್ಟಿ ಅದು; 2022ರಲ್ಲಿ ಅಮೆರಿಕದಲ್ಲಿ ಅಧಿಕೃತ ಮಾನದಂಡವೂ ಆಯ್ತು. ಅದರ ಪ್ರಕಾರ ಐಡಿಯಾ ಹುಟ್ಟಿಸೋದು ಒಂದು ಪಾತ್ರ, ಸಾಫ್ಟ್‌ವೇರ್ ಬರೆಯೋದು ಇನ್ನೊಂದು. ಪ್ರಯೋಗ ಮಾಡಿ ಡೇಟಾ ತೆಗೆಯೋದಕ್ಕೆ ‘ಇನ್ವೆಸ್ಟಿಗೇಷನ್’ ಅಂತ, ಆ ಡೇಟಾವನ್ನ ಶುದ್ಧಮಾಡಿ ಜೋಡಿಸಿಡೋದಕ್ಕೆ ‘ಡೇಟಾ ಕ್ಯುರೇಷನ್’ ಅಂತ ಹೆಸರು. ನಮ್ಮ ಹುಡುಗನದು ಈ ಕೊನೆಯ ಎರಡು. ಎಸ್‌ಒಪಿಯಲ್ಲಿ ಈ ಹೆಸರುಗಳನ್ನೇ ತುರುಕಬೇಕಾಗಿಲ್ಲ. ಬರೆಯೋ ಮುಂಚೆ ತನ್ನ ಕೆಲಸ ಯಾವ ಖಾನೆಗೆ ಬೀಳುತ್ತೆ ಅಂತ ನೋಡ್ಕೊಂಡ್ರೆ ಸಾಕು.

ಇನ್ನು ಶೇ. 94. ಇಲ್ಲಿ ಬಳಸಿದ್ದು ಎರಡೇ ಬೇರಿಂಗ್: ಒಂದು ಒಳ್ಳೆಯದು, ಇನ್ನೊಂದು ಹೊರ ರೇಸ್‌ನಲ್ಲಿ ಗೀರು ಹಾಕಿದ್ದು. ಪ್ರತಿ ರೆಕಾರ್ಡಿಂಗನ್ನೂ ಸಣ್ಣ ತುಂಡುಗಳಾಗಿ ಕತ್ತರಿಸಿ, ಕಲಸಿ, ತರಬೇತಿಗೊಂದಿಷ್ಟು ಪರೀಕ್ಷೆಗೊಂದಿಷ್ಟು ಹಂಚಿದ್ರು. ಒಂದೇ ರೆಕಾರ್ಡಿಂಗಿನ ತುಂಡುಗಳು ಎರಡೂ ಕಡೆ ಇದ್ದಾಗ ಮಾಡೆಲ್ ದೋಷವನ್ನೇ ಕಲಿತಿತೋ, ಆ ಒಂದು ಬೇರಿಂಗಿನ ಸದ್ದನ್ನ ಬಾಯಿಪಾಠ ಮಾಡಿತೋ ಹೇಳೋಕಾಗಲ್ಲ. ಈ ಕ್ಷೇತ್ರದವರು ಮೊದಲು ಕೇಳೋ ಪ್ರಶ್ನೆಯೇ ಇದು. ಅಂಕಿ ಸೀನಿಯರ್ ಮಾಡೆಲಿಂದು, ಆಧಾರವೂ ತೆಳು; ಬಿಟ್ಟರೆ ನಷ್ಟ ಇಲ್ಲ.

ಹಾಗಾದ್ರೆ ಉಳಿಯೋದೇನು ಅಂತೀರಾ? ಬಹಳ ಉಳಿಯುತ್ತೆ. ಹುಡುಗ ಸೆನ್ಸರನ್ನ ಅದರ ಗರಿಷ್ಠ ದರ ಸೆಕೆಂಡಿಗೆ 3200 ಸ್ಯಾಂಪಲ್‌ಗೆ ಇಟ್ಟು, ಐ2ಸಿ ಮೂಲಕ ಓದ್ತಿದ್ದ. ಸ್ಯಾಂಪಲ್‌ಗಳು ಮಧ್ಯೆ ಮಧ್ಯೆ ಕಾಣೆಯಾಗ್ತಿದ್ವು. ಡೇಟಾಶೀಟ್ ತೆಗೆದು ನೋಡಿದ್ರೆ, 400 ಕಿಲೋಹರ್ಟ್ಸ್ ಐ2ಸಿಯಲ್ಲಿ 800ಕ್ಕಿಂತ ಮೇಲೆ ಹೋಗಬೇಡಿ ಅಂತಿದೆ. ಎಸ್‌ಪಿಐಗೆ ಬದಲಾಯಿಸಿ ಎಲ್ಲಾ ಮತ್ತೆ ರೆಕಾರ್ಡ್ ಮಾಡಿದ. ಇದು ಪೂರ್ತಿ ಅವನದೇ. ಪ್ರೊಫೆಸರ್ ಹತ್ತು ಪ್ರಶ್ನೆ ಕೇಳಿದ್ರೂ ಉತ್ತರ ಇದೆ, ಆದರೆ ಮೂಲ ವಾಕ್ಯದಲ್ಲಿ ಇದರ ಸುಳಿವೇ ಇಲ್ಲ! ನನಗೆ ಬೇಜಾರು ಇದರ ಬಗ್ಗೆಯೇ: ಇನ್ನೊಬ್ಬರ ಕೆಲಸ ಸೇರಿಸೋ ಭರದಲ್ಲಿ ನಮ್ಮ ಕೆಲಸವೇ ಬಿಟ್ಟುಹೋಗಿರುತ್ತೆ.

ತಿದ್ದಿದ ಮೇಲೆ ಹೀಗಾಗುತ್ತೆ: “ಬೇರಿಂಗ್ ದೋಷ ವರ್ಗೀಕರಣದ ಕುರಿತು ನಾಲ್ವರು ಸೇರಿ ಮಂಡಿಸಿದ ಪೋಸ್ಟರ್‌ಗೆ ಕಂಪನದ ದತ್ತಾಂಶ ಸಂಗ್ರಹಿಸಿದ್ದು ನಾನು, ಮಾಡೆಲ್ ಸಹಲೇಖಕರದ್ದು. ಐ2ಸಿಯ ವೇಗದ ಮಿತಿಯಿಂದ ಸ್ಯಾಂಪಲ್‌ಗಳು ತಪ್ಪುತ್ತಿರುವುದನ್ನು ಪತ್ತೆಹಚ್ಚಿ, ಎಸ್‌ಪಿಐಗೆ ಬದಲಿಸಿ ಮರುದಾಖಲು ಮಾಡಿದೆ. ಪ್ರಯೋಗ ಎರಡೇ ಬೇರಿಂಗ್‌ಗಳಿಗೆ ಸೀಮಿತವಾಗಿತ್ತು.”

ಗೈಡ್ ಶಿಫಾರಸು ಪತ್ರ ಬರೆಯೋರಾದ್ರೆ ಅರ್ಜಿಗೆ ಮುಂಚೆ ಈ ಮೂರು ಸಾಲು ಅವರಿಗೆ ತೋರಿಸಿ, “ಸರ್, ನನ್ನ ಪಾಲು ಸರಿಯಾಗಿ ಬಂದಿದೆಯಾ?” ಅಂತ ಕೇಳಿ. ಅವರ ಪತ್ರದಲ್ಲಿ ಇದೇ ಕೆಲಸದ ವಿವರ ಇರುತ್ತೆ, ಎರಡನ್ನೂ ಒಂದೇ ಸಮಿತಿ ಓದುತ್ತೆ. ಸೀನಿಯರ್‌ಗೂ ಒಂದ್ಸಲ ಕಳಿಸಿ. ಅವರೂ ಇದೇ ಪೋಸ್ಟರ್ ಹಿಡ್ಕೊಂಡು ಅದೇ ವಿಭಾಗಕ್ಕೆ ಅರ್ಜಿ ಹಾಕಿರಬಹುದು. ರೆಸ್ಯೂಮೆಯಲ್ಲಿ ನಾಲ್ಕೂ ಹೆಸರನ್ನ ಪೋಸ್ಟರಿನಲ್ಲಿದ್ದ ಕ್ರಮದಲ್ಲೇ ಹಾಕಿ, ನಿಮ್ಮದನ್ನ ಮಾತ್ರ ದಪ್ಪಕ್ಷರದಲ್ಲಿ ಬರೆಯಿರಿ.